ಬಂದವರ ಲ್ಯಾಪ್‌ಟಾಪು, ನಮ್ಮ ಟಿವಿ

ಮಾಳಮಡ್ಡಿಗೆ ಕೆಲಸದ ಮೇಲೆ ಬರುವವರಲ್ಲಿ ಬಹಳ ಮಂದಿ ರೈಲಿನಲ್ಲೇ ಬರುತ್ತಾರೆ. ಧಾರವಾಡ ಸ್ಟೇಷನ್ನು ಮಗ್ಗುಲಲ್ಲೇ ಇದೆ, ಇಳಿದವರು ಆಟೋದವರ ಜೊತೆ ಚೌಕಾಸಿ ಮಾಡುವ ಹೊತ್ತಿನಲ್ಲಿ ನಡೆದೇ ಬಂದುಬಿಡಬಹುದು. 2023ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾದ ಮೇಲಂತೂ ನಸುಕಿನಲ್ಲಿ ಬೆಂಗಳೂರು ಬಿಟ್ಟವರು ಮಧ್ಯಾಹ್ನದ ಹೊತ್ತಿಗೆ ನಮ್ಮ ಓಣಿಯ ತುದಿಯಲ್ಲಿ ನಿಂತು, "ಉತ್ತರಾದಿ ಮಠ ದಾಟಿ ಬರಬೇಕಾ, ಮೊದಲೇ ತಿರುಗಬೇಕಾ?" ಎಂದು ಫೋನು ಮಾಡುತ್ತಾರೆ. ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಊರಿನ ಮಳೆಯ ಸುದ್ದಿ. ಧಾರವಾಡದಲ್ಲಿ ಈ ಕ್ರಮ ತಪ್ಪಿಸಿ ಯಾರೂ ಕೆಲಸದ ಮಾತಿಗೆ ಇಳಿಯುವುದಿಲ್ಲ. ಅದಾದ ಮೇಲೆ ಅವರು ಚೀಲದಿಂದ ಲ್ಯಾಪ್‌ಟಾಪು ತೆಗೆಯುತ್ತಾರೆ. ನಾನು ಹೇಳಹೊರಟಿರುವುದು ಅಲ್ಲಿಂದ ಮುಂದಿನ ಐದು ನಿಮಿಷದ ಕಥೆ.

ನಮ್ಮದು ಕಟ್ಟಡಗಳ ನಕ್ಷೆ, ಅಂದಾಜುಪಟ್ಟಿ ಮಾಡುವ ಸಣ್ಣ ಆಫೀಸು. ಹಳೆಯ ಮನೆಯೊಂದರ ಪಡಸಾಲೆಯೇ ಮೀಟಿಂಗ್ ರೂಮು. ಅದರ ಗೋಡೆಗೆ 55 ಇಂಚಿನ ಟಿವಿ. ಮೊದಲು ಪ್ರೊಜೆಕ್ಟರ್ ಇತ್ತು. ಅದಕ್ಕೆ ಕಿಟಕಿ ಮುಚ್ಚಬೇಕು, ದೀಪ ಆರಿಸಬೇಕು, ಕೂತವರಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಟಿವಿ ಬಂದ ಮೇಲೆ ಬೆಳಕಿನಲ್ಲೇ ಕೂತು ಮಾತಾಡುವಂತಾಯಿತು. ಉಳಿದದ್ದು ಒಂದೇ ಕೆಲಸ: ಬಂದವರ ಲ್ಯಾಪ್‌ಟಾಪಿನಲ್ಲಿ ಇರುವುದು ಟಿವಿಯ ಮೇಲೆ ಬರಬೇಕು. ವೈಯರ್ ಇಲ್ಲದೆ ಬರುವ ಸೌಲಭ್ಯ ಈಗಿನ ಸ್ಮಾರ್ಟ್ ಟಿವಿಗಳಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತದೆ. ಆದರೂ ನಾನು ಹೋದ ಆಫೀಸುಗಳಲ್ಲೆಲ್ಲ ಅದರ ಗೋಜಿಗೆ ಹೋಗುವವರು ಕಡಿಮೆ. ಒಮ್ಮೆ ಬಂದಿರುತ್ತದೆ, ಇನ್ನೊಮ್ಮೆ ಬಂದಿರುವುದಿಲ್ಲ. ಯಾಕೆ ಬಂತು, ಯಾಕೆ ಬರಲಿಲ್ಲ ತಿಳಿಯದ್ದರಿಂದ ಜನ ಅದನ್ನು ನಂಬುವುದು ಬಿಟ್ಟಿದ್ದಾರೆ.

ತಿಳಿಯಬೇಕಾದ್ದು ಬಹಳವೇನಿಲ್ಲ. ಚಿತ್ರ ಲ್ಯಾಪ್‌ಟಾಪಿನಿಂದ ಟಿವಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದೊಂದೇ. ದಾರಿ ಎರಡಿವೆ. ಒಂದರಲ್ಲಿ ಲ್ಯಾಪ್‌ಟಾಪು ಮತ್ತು ಟಿವಿ ನಡುವೆ ಯಾರೂ ಇಲ್ಲ, ಎರಡೂ ನೇರವಾಗಿ ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತವೆ. ಇದು ಮಿರಾಕಾಸ್ಟ್. ವೈಫೈ ಅಲಯನ್ಸ್ 2012ರಲ್ಲಿ ತಂದದ್ದು, ವಿಂಡೋಸ್ 8.1ರಿಂದ ಈಚೆಗೆ ವಿಂಡೋಸಿನಲ್ಲೇ ಅಡಕವಾಗಿದೆ. ಇನ್ನೊಂದರಲ್ಲಿ ಚಿತ್ರ ಲ್ಯಾಪ್‌ಟಾಪಿನಿಂದ ಆಫೀಸಿನ ವೈಫೈ ರೂಟರಿಗೆ ಹೋಗಿ, ಅಲ್ಲಿಂದ ಟಿವಿಗೆ ಬರುತ್ತದೆ. ಆಪಲ್ ಕಂಪನಿಯ ಏರ್‌ಪ್ಲೇ, ಕ್ರೋಮ್ ಬ್ರೌಸರಿನಿಂದ ಕಳಿಸುವ ಗೂಗಲ್ ಕಾಸ್ಟ್, ಎರಡೂ ಟಿವಿಯ ಮಟ್ಟಿಗೆ ಈ ಜಾತಿಯವು. ನೇರ ದಾರಿಗೆ ಆಫೀಸಿನ ವೈಫೈ ಪಾಸ್‌ವರ್ಡ್ ಬೇಡ. ಸುತ್ತಿನ ದಾರಿಗೆ ಲ್ಯಾಪ್‌ಟಾಪು, ಟಿವಿ ಎರಡೂ ಒಂದೇ ವೈಫೈಯಲ್ಲಿ ಇರಲೇಬೇಕು. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹೋದ ಮಳೆಗಾಲದಲ್ಲಿ ಬೆಂಗಳೂರಿನಿಂದ ಇಬ್ಬರು ಬಂದಿದ್ದರು. ಒಬ್ಬರು ಸ್ಟ್ರಕ್ಚರಲ್ ಎಂಜಿನಿಯರ್ ಮೇಡಂ, ಅವರ ಕೈಯಲ್ಲಿ ವಿಂಡೋಸ್ ಲ್ಯಾಪ್‌ಟಾಪು. ಜೊತೆಗಿದ್ದ ಆರ್ಕಿಟೆಕ್ಟ್ ಹುಡುಗನ ಹತ್ತಿರ ಮ್ಯಾಕ್‌ಬುಕ್. ಮೇಡಂ ಕೂತ ಕೂಡಲೇ, "ವೈಫೈ ಪಾಸ್‌ವರ್ಡ್ ಹೇಳ್ತೀರಾ ಸರ್?" ಎಂದರು.

"ಟಿವಿಗಂತ ಆದ್ರ ಪಾಸ್‌ವರ್ಡ್ ಬೇಕಾಗಂಗಿಲ್ರಿ ಮೇಡಂ. ವಿಂಡೋಸ್ ಕೀ ಹಿಡಕೊಂಡು ಕೆ ಒತ್ರಿ," ಎಂದೆ.

ಅವರು Win + K ಒತ್ತಿದರು. ಪರದೆಯ ಬಲಗಡೆ ಸಣ್ಣದೊಂದು ಪಟ್ಟಿ ತೆರೆದು, ಸುತ್ತಮುತ್ತ ಸಿಗುವ ಟಿವಿಗಳ ಹೆಸರು ಒಂದೊಂದಾಗಿ ಬಂದವು. ಇಲ್ಲಿ ಮಾಳಮಡ್ಡಿಯ ಸಂಗತಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡ ಓಣಿಗಳಿವೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬರುವಷ್ಟು ಸಲೀಸಾಗಿ ಅವರ ಟಿವಿಯ ರೇಡಿಯೋವೂ ನಮ್ಮ ಗೋಡೆ ದಾಟಿ ಬರುತ್ತದೆ. ಅಂಗಡಿಯಿಂದ ತಂದ ಟಿವಿಗೆ ಕಂಪನಿಯ ಹೆಸರು, ಇಂಚಿನ ಅಳತೆ ಸೇರಿಸಿದ ಒಂದು ಹೆಸರು ಮೊದಲೇ ಇರುತ್ತದೆ. ಅದನ್ನು ಬದಲಿಸುವವರು ಕಡಿಮೆ. ಹೀಗಾಗಿ ಪಟ್ಟಿಯಲ್ಲಿ ಒಂದೇ ಥರದ ಹೆಸರು ಎರಡೋ ಮೂರೋ ಕಂಡರೆ ಬಂದವರು ಯಾವುದನ್ನು ಮುಟ್ಟಬೇಕು? ಬೇರೆ ಹೆಸರು ಮುಟ್ಟಿದರೆ ಪಕ್ಕದ ಮನೆಯಲ್ಲಿ ಧಾರಾವಾಹಿ ನೋಡುತ್ತ ಕೂತ ಅಜ್ಜಿಯ ಟಿವಿಯಲ್ಲಿ, ಇಂಥ ಲ್ಯಾಪ್‌ಟಾಪು ಒಳಗೆ ಬರಲೇ ಎಂಬ ಪ್ರಶ್ನೆ ಮೂಡುತ್ತದೆ. ಅಜ್ಜಿ ರಿಮೋಟಿನ ಓಕೆ ಒತ್ತಿದರೆ ನಮ್ಮ ಗಿರಾಕಿಯ ಅಂದಾಜುಪಟ್ಟಿ ಅಲ್ಲಿ ತೆರೆಯುತ್ತದೆ.

ಅದಕ್ಕೇ ನಮ್ಮ ಟಿವಿಯ ಸೆಟ್ಟಿಂಗಿನಲ್ಲಿ Device Name ಇರುವ ಜಾಗಕ್ಕೆ ಹೋಗಿ MEETING ROOM ಎಂದು ಬರೆದಿಟ್ಟಿದ್ದೇವೆ. ಅದೇ ಹೆಸರನ್ನು ಟಿವಿಯ ಕೆಳಗೆ ಚೀಟಿಯಲ್ಲಿಯೂ ಅಂಟಿಸಿದ್ದೇವೆ, ಪರದೆಯ ಮೇಲಿನ ಅಕ್ಷರ ಮತ್ತು ಗೋಡೆಯ ಮೇಲಿನ ಅಕ್ಷರ ತಾಳೆಯಾಗಬೇಕು. ಇದರ ಜೊತೆಗೆ ಹೊರಗಿನಿಂದ ಯಾರು ಜೋಡಿಸಲು ಬಂದರೂ ಟಿವಿ ಪ್ರತಿ ಸಲ ಕೇಳುವಂತೆ ಮಾಡಿದ್ದೇವೆ. ಕೆಲವು ಟಿವಿಗಳಲ್ಲಿ ಇದಕ್ಕೆ Access Notification ಎಂಬ ಹೆಸರಿದೆ, ಒಂದೇ ಸಲ ಕೇಳು, ಯಾವಾಗಲೂ ಕೇಳು ಎಂಬ ಆಯ್ಕೆ ಇರುತ್ತದೆ. ಮನೆಯಲ್ಲಿ ಒಂದೇ ಸಲ ಸಾಕು. ದಿನಕ್ಕೊಬ್ಬರು ಬರುವ ಆಫೀಸಿಗೆ ಯಾವಾಗಲೂ ಕೇಳಿಸುವುದೇ ಸರಿ. ಓಣಿಯ ಪೋರ ಫೋನಿನಲ್ಲಿ ಸುಮ್ಮನೆ ಗುಂಡಿ ಒತ್ತಿದರೂ ಅವನ ಕ್ರಿಕೆಟ್ ನಮ್ಮ ಮೀಟಿಂಗಿನ ನಡುವೆ ಬರಬಾರದು.

ಮೇಡಂ ಹೆಸರು ಆರಿಸಿದರು, ಟಿವಿಯಲ್ಲಿ ಪ್ರಶ್ನೆ ಬಂತು, ರಿಮೋಟಿನಿಂದ ಒಪ್ಪಿಗೆ ಕೊಟ್ಟೆ, ಹತ್ತೆಣಿಸುವುದರಲ್ಲಿ ಅವರ ಪರದೆ ಗೋಡೆಯ ಮೇಲೆ ಬಂತು. ಆಫೀಸಿನ ವೈಫೈ ಮುಟ್ಟದೆ, ನಮ್ಮ ಕಡತಗಳಿರುವ ಕಂಪ್ಯೂಟರಿನ ಹತ್ತಿರವೂ ಸುಳಿಯದೆ. ಮಿರಾಕಾಸ್ಟಿನ ಬಗ್ಗೆ ನನಗಿರುವ ಪ್ರೀತಿ ಇದೇ ಕಾರಣಕ್ಕೆ. ಬಂದವರಿಗೆ ಪಡಸಾಲೆ ಕೊಟ್ಟಂತೆಯೂ ಆಯಿತು, ಒಳಮನೆಯ ಕೀಲಿ ನಮ್ಮಲ್ಲೇ ಉಳಿಯಿತು.

ಆದರೆ ಪಟ್ಟಿಯೇ ತೆರೆಯದ, ತೆರೆದರೂ ಖಾಲಿ ಇರುವ ಲ್ಯಾಪ್‌ಟಾಪುಗಳೂ ಬರುತ್ತವೆ. ಮೊದಲು ನೋಡಬೇಕಾದ್ದು ಅದರ ವೈಫೈ ಆನ್ ಇದೆಯೇ ಎಂದು. ಕೆಲವರು ಆಫೀಸಿನಲ್ಲಿ ಲ್ಯಾನ್ ವೈಯರ್ ಚುಚ್ಚಿಕೊಂಡು ವೈಫೈ ಆರಿಸಿಟ್ಟಿರುತ್ತಾರೆ, ಹಾಗೇ ಎದ್ದು ಬಂದಿರುತ್ತಾರೆ. ಯಾವ ವೈಫೈಗೂ ಸೇರಿರಬೇಕಾಗಿಲ್ಲ, ಆದರೆ ರೇಡಿಯೋ ಎದ್ದಿರಬೇಕು. ಅದೂ ಸರಿಯಿದ್ದು ಬರದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಈ ಒಂದು ಸಾಲು ಕೊಡಿ:

```
netsh wlan show drivers
```

ಬಂದ ಉದ್ದ ಉತ್ತರದ ಕೊನೆಯ ಕಡೆ ಹೀಗೊಂದು ಸಾಲು ಇರುತ್ತದೆ:

```
Wireless Display Supported: Yes (Graphics Driver: Yes, Wi-Fi Driver: Yes)
```

ಮೂರು ಕಡೆಯೂ Yes ಇದ್ದರೆ ಲ್ಯಾಪ್‌ಟಾಪಿಗೆ ಆ ಶಕ್ತಿ ಇದೆ ಎಂದರ್ಥ. ಚಿತ್ರದ ಡ್ರೈವರ್ ಮುಂದೆ No ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹಳೆಯದೋ ಕೆಟ್ಟದ್ದೋ; ವೈಫೈ ಮುಂದೆ No ಇದ್ದರೆ ವೈಫೈ ಕಾರ್ಡಿನ ಕಡೆಯ ತೊಡಕು. ಎಲ್ಲ Yes ಇದ್ದೂ ಜೋಡಣೆ ಅರ್ಧಕ್ಕೆ ನಿಂತರೆ ಹೆಚ್ಚಾಗಿ ಅದು ದೊಡ್ಡ ಕಂಪನಿಯ ಲ್ಯಾಪ್‌ಟಾಪಾಗಿರುತ್ತದೆ. ಅವರ ಐಟಿ ವಿಭಾಗದವರು ಫೈರ್‌ವಾಲಿನಲ್ಲಿ ಈ ದಾರಿ ಮುಚ್ಚಿರುತ್ತಾರೆ, ಇಲ್ಲವೇ ಅವರ ವಿಪಿಎನ್ ಇದನ್ನು ಬಿಡುವುದಿಲ್ಲ. ಅದು ಅವರ ಮನೆಯ ಬೀಗ, ನಾವು ಮುರಿಯಲು ಹೋಗಬಾರದು. ಬಂದವರನ್ನು ಅಡ್ಮಿನ್ ಪಾಸ್‌ವರ್ಡ್ ಕೇಳುವುದು, ಫೈರ್‌ವಾಲ್ ಆಫ್ ಮಾಡಿ ಎನ್ನುವುದು ಎರಡೂ ಅಸಭ್ಯ ಎಂದು ನನ್ನ ಖಚಿತ ಅಭಿಪ್ರಾಯ.

ಇನ್ನು ಆರ್ಕಿಟೆಕ್ಟ್ ಹುಡುಗನ ಸರದಿ. ಮ್ಯಾಕ್‌ಬುಕ್ಕಿಗೆ ಮಿರಾಕಾಸ್ಟ್ ಬರುವುದಿಲ್ಲ. ಅದಕ್ಕೆ ಏರ್‌ಪ್ಲೇ, ಅಂದರೆ ಸುತ್ತಿನ ದಾರಿ. ನಮ್ಮ ಟಿವಿಯಲ್ಲಿ ಏರ್‌ಪ್ಲೇ ಇದೆ. 2019ರಿಂದ ಈಚೆಗೆ ಹಲವು ಕಂಪನಿಗಳ ಟಿವಿಗಳಲ್ಲಿ ಬರತೊಡಗಿತು. ಅವನಿಗೆ ನಮ್ಮ ಗೆಸ್ಟ್ ವೈಫೈಯ ಪಾಸ್‌ವರ್ಡ್ ಕೊಟ್ಟೆ. ಮೇಲಿನ ಪಟ್ಟಿಯಲ್ಲಿರುವ Screen Mirroring ಒತ್ತಿದ. ನಮ್ಮ ಟಿವಿ ತಟ್ಟನೆ ಬಂತು. ಈ ತಟ್ಟನೆಯ ಹಿಂದೆ ಒಂದು ದೊಡ್ಡ ಪರದಾಟ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ. ಬಹಳ ಆಫೀಸುಗಳು ಸೋಲುವುದು ಇಲ್ಲೇ.

ಗೆಸ್ಟ್ ವೈಫೈ ಯಾಕೆ ಬೇಕು? ನಮ್ಮ ಆಫೀಸಿನ ಒಳಗಿನ ವೈಫೈಯಲ್ಲಿ ಪ್ರಿಂಟರ್ ಇದೆ, ಎಲ್ಲ ಗಿರಾಕಿಗಳ ನಕ್ಷೆ ಇರುವ ಡಿಸ್ಕ್ ಇದೆ. ಬಂದವರು ಎಷ್ಟೇ ಒಳ್ಳೆಯವರಿರಲಿ, ಅವರ ಲ್ಯಾಪ್‌ಟಾಪಿನೊಳಗೆ ಯಾವ ವೈರಸ್ ಕೂತಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಅವರಿಗೆ ಬೇರೆ ವೈಫೈ. ಮೊದಲು ಟಿವಿ ಒಳಗಿನ ವೈಫೈಯಲ್ಲೇ ಇತ್ತು. ಆಗ ಮ್ಯಾಕ್ ತಂದವರಿಗೆ ಟಿವಿ ಕಾಣುತ್ತಲೇ ಇರಲಿಲ್ಲ. ಕಾರಣ ಸರಳ. ಏರ್‌ಪ್ಲೇಗೆ ಸಿದ್ಧವಿರುವ ಟಿವಿ, "ನಾನು ಇಲ್ಲಿದ್ದೇನೆ" ಎಂದು ತನ್ನ ನೆಟ್‌ವರ್ಕಿನೊಳಗೆ ಎಲ್ಲರಿಗೂ ಕೇಳುವಂತೆ ಸಾರುತ್ತದೆ. ಈ ಸಾರುವಿಕೆ ಹೋಗುವುದು 224.0.0.251 ಎಂಬ ವಿಳಾಸಕ್ಕೆ. ಅದು ಓಣಿಯಲ್ಲಿ ನಿಂತು ಸೊಪ್ಪು ಮಾರುವವಳು ಕೂಗಿದಂತೆ: ಆ ಓಣಿಯವರಿಗೆಲ್ಲ ಕೇಳುತ್ತದೆ, ಮಗ್ಗುಲ ಓಣಿಗೆ ಕೇಳುವುದಿಲ್ಲ. ಒಳಗಿನ ವೈಫೈ ಒಂದು ಓಣಿ, ಗೆಸ್ಟ್ ವೈಫೈ ಇನ್ನೊಂದು. ರೂಟರ್ ಈ ಕೂಗನ್ನು ಒಂದರಿಂದ ಇನ್ನೊಂದಕ್ಕೆ ತಾನಾಗಿ ದಾಟಿಸುವುದಿಲ್ಲ.

ಸರಿ, ಟಿವಿಯನ್ನೇ ಗೆಸ್ಟ್ ವೈಫೈಗೆ ಸೇರಿಸಿದೆವು. ಈಗ ಇಬ್ಬರೂ ಒಂದೇ ಓಣಿಯವರು. ಆದರೂ ಮ್ಯಾಕಿಗೆ ಟಿವಿ ಕಾಣಲಿಲ್ಲ! ಇದು ಎಂಥವರನ್ನೂ ಕಂಗೆಡಿಸುವ ಘಟ್ಟ. ಹೆಸರು ಒಂದೇ, ಪಾಸ್‌ವರ್ಡ್ ಒಂದೇ, ಎರಡರಲ್ಲೂ ಇಂಟರ್ನೆಟ್ ಓಡುತ್ತಿದೆ, ಆದರೂ ಒಂದಕ್ಕೊಂದು ಗುರುತಿಲ್ಲ. ಸೋಲು ಗೆಸ್ಟ್ ವೈಫೈಯ ಸ್ವಭಾವದಲ್ಲೇ ಇತ್ತು. ಗೆಸ್ಟ್ ವೈಫೈಗೆ ಸೇರಿದವರು ಇಂಟರ್ನೆಟ್ಟಿಗೆ ಹೋಗಬಹುದು, ಒಬ್ಬರನ್ನೊಬ್ಬರು ಮಾತಾಡಿಸುವಂತಿಲ್ಲ ಎಂದು ರೂಟರ್ ತಡೆ ಹಾಕಿರುತ್ತದೆ. ಕೆಲವು ರೂಟರುಗಳಲ್ಲಿ ಇದರ ಹೆಸರು AP Isolation, ಕೆಲವದರಲ್ಲಿ Client Isolation. ನಮ್ಮ ರೂಟರಿನಲ್ಲಿ ಅದು ಎರಡು ಸಾಲಾಗಿ ಇದೆ, ಓದಿದರೆ ಅರ್ಥವಾಗುವ ಹಾಗೆ: Allow guests to see each other ಒಂದು, Allow guests to access my local network ಇನ್ನೊಂದು. ಮೊದಲನೆಯದಕ್ಕೆ ಟಿಕ್ ಹಾಕಿದೆವು, ಎರಡನೆಯದನ್ನು ಖಾಲಿ ಬಿಟ್ಟೆವು. ಅಂದರೆ ಅತಿಥಿಗಳು ತಮ್ಮ ತಮ್ಮೊಳಗೆ ಕಾಣಬಹುದು, ಆದ್ದರಿಂದ ಅಲ್ಲೇ ಇರುವ ಟಿವಿಯೂ ಕಾಣುತ್ತದೆ. ನಮ್ಮ ಪ್ರಿಂಟರು, ಡಿಸ್ಕು ಮಾತ್ರ ಆಚೆಯೇ.

ಇದಕ್ಕೊಂದು ಬೆಲೆ ಇದೆ. ಒಂದೇ ಹೊತ್ತಿಗೆ ಎರಡು ಬೇರೆ ಕಂಪನಿಯವರು ಬಂದಿದ್ದರೆ ಅವರ ಲ್ಯಾಪ್‌ಟಾಪುಗಳು ಒಂದಕ್ಕೊಂದು ಎದುರಾಗುತ್ತವೆ. ವಿಂಡೋಸ್ ಹೊಸ ವೈಫೈಯನ್ನು ಪಬ್ಲಿಕ್ ಎಂದು ಗುರುತಿಸಿಕೊಂಡಿದ್ದರೆ ತನ್ನ ಬಾಗಿಲು ತಾನೇ ಹಾಕಿಕೊಂಡಿರುತ್ತದೆ, ಅದನ್ನು ಬದಲಿಸಬೇಡಿ ಎಂದು ಬಂದವರಿಗೆ ಹೇಳುತ್ತೇನೆ. ನಮ್ಮಂಥ ಸಣ್ಣ ಆಫೀಸಿಗೆ ಇಷ್ಟು ಸಾಕು. ಹತ್ತು ಮೀಟಿಂಗ್ ರೂಮಿರುವ ದೊಡ್ಡ ಕಚೇರಿಯಾದರೆ ಟಿವಿಯ ಕೂಗನ್ನಷ್ಟೇ ಆರಿಸಿ ಆಚೆ ದಾಟಿಸುವ, ಹೆಚ್ಚು ಬೆಲೆಯ ರೂಟರುಗಳನ್ನೇ ಹಾಕಬೇಕು.

ಈ ಎರಡು ದಾರಿಯ ಗುರುತು ಇದ್ದರೆ ತೊಡಕು ಬಂದಾಗ ಎಲ್ಲಿ ನೋಡಬೇಕೆಂದು ಹೊಳೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಮಗೆ ಹೊಸದಲ್ಲ. ಕರೆಂಟು ಬಂದೊಡನೆ ಟಿವಿ ಬೇಗ ಏಳುತ್ತದೆ, ರೂಟರ್ ತನ್ನ ಪೂರ್ತಿ ಲೆಕ್ಕ ಮುಗಿಸಿ ಏಳುವುದು ತಡ. ಟಿವಿ ಆಗ ವೈಫೈ ಸಿಗದೆ ಸುಮ್ಮನಾಗಿರುತ್ತದೆ. ಆ ಹೊತ್ತಿನಲ್ಲಿ ವಿಂಡೋಸ್‌ನವರಿಗೆ ಟಿವಿ ಕಾಣುತ್ತದೆ, ಮ್ಯಾಕಿನವರಿಗೆ ಕಾಣುವುದಿಲ್ಲ. ಇದನ್ನು ನೋಡಿದ ಕೂಡಲೇ ಟಿವಿಯ ನೆಟ್‌ವರ್ಕ್ ಸೆಟ್ಟಿಂಗಿಗೆ ಹೋದರೆ ಆಯಿತು, ಲ್ಯಾಪ್‌ಟಾಪನ್ನು ತಿರುಚುವ ಅಗತ್ಯವಿಲ್ಲ. ರೂಟರನ್ನು ಯುಪಿಎಸ್‌ಗೆ ಹಾಕಿದ ಮೇಲೆ ನಮಗೆ ಈ ಕಾಟ ತಪ್ಪಿದೆ.

ಇನ್ನೊಂದು ಚಿಹ್ನೆ: ಚಿತ್ರ ತಡವರಿಸುವುದು. ಹಳೆಯ ಮನೆಯ ಗೋಡೆ ದಪ್ಪ, ರೂಟರ್ ಒಳಕೋಣೆಯಲ್ಲಿ. ಏರ್‌ಪ್ಲೇ ಮಾಡಿದವರ ಚಿತ್ರ ಆ ಗೋಡೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಮಿರಾಕಾಸ್ಟಿಗೆ ಗೋಡೆಯ ಹಂಗಿಲ್ಲ, ಎರಡೂ ಒಂದೇ ಪಡಸಾಲೆಯಲ್ಲಿವೆ. ಆದರೆ ಅದಕ್ಕೆ ಬೇರೊಂದು ತೊಂದರೆ ಇದೆ. ಲ್ಯಾಪ್‌ಟಾಪಿನ ವೈಫೈ ರೇಡಿಯೋ ಹೆಚ್ಚಾಗಿ ಒಂದೇ. ಅದೇ ರೇಡಿಯೋ ಒಂದು ಚಾನೆಲಿನಲ್ಲಿ ರೂಟರಿಗೂ ಇನ್ನೊಂದು ಚಾನೆಲಿನಲ್ಲಿ ಟಿವಿಗೂ ಓಗೊಡಬೇಕಾದರೆ ಆ ಕಡೆ ಈ ಕಡೆ ಜಿಗಿಯುತ್ತಿರುತ್ತದೆ, ಚಿತ್ರ ಅಲ್ಲಲ್ಲಿ ನಿಂತು ನಿಂತು ಬರುತ್ತದೆ. ಪರೀಕ್ಷೆ ಸುಲಭ. ಲ್ಯಾಪ್‌ಟಾಪನ್ನು ಇಂಟರ್ನೆಟ್ ವೈಫೈಯಿಂದ ಬಿಡಿಸಿ, ರೇಡಿಯೋ ಮಾತ್ರ ಆನ್ ಇಟ್ಟು ನೋಡಿ. ಚಿತ್ರ ಸಲೀಸಾದರೆ ಕಾರಣ ಇದೇ. ಇಂಟರ್ನೆಟ್ ಬೇಕೇ ಬೇಕಾದರೆ 5 ಗಿಗಾಹರ್ಟ್ಸ್ ವೈಫೈಗೆ ಸೇರಿಕೊಂಡರೆ ಬಹಳ ಸಲ ಸುಧಾರಿಸುತ್ತದೆ, 2.4ರಲ್ಲಿ ಓಣಿಯ ಮನೆಗಳೆಲ್ಲದರ ವೈಫೈ ಗದ್ದಲವೂ ಸೇರಿರುತ್ತದೆ.

ಚಿತ್ರ ಬಂದ ಮೇಲೆ ಏನು ಕಾಣುತ್ತದೆ ಎನ್ನುವುದು ನನಗೆ ಬಹಳ ಮುಖ್ಯ, ಏಕೆಂದರೆ ನಮ್ಮದು ನಕ್ಷೆಯ ಕೆಲಸ. ಮೇಡಂ ತೆರೆದದ್ದು ಒಂದು ಕಾಲಮ್ಮಿನ ಕಬ್ಬಿಣದ ವಿವರ. ಕಪ್ಪು ಹಿನ್ನೆಲೆ, ಕೆಂಪು ಗೆರೆ, ನೀಲಿ ಅಕ್ಷರ. ಲ್ಯಾಪ್‌ಟಾಪಿನಲ್ಲಿ ಗಾಜಿನ ಹಾಗೆ ಸ್ವಚ್ಛ, ಟಿವಿಯಲ್ಲಿ ಕೆಂಪು ಗೆರೆಯ ಅಂಚು ಹರಡಿ ನೀಲಿ ಅಂಕಿಗಳು ಮಸುಕು. ಟಿವಿ ಕೆಟ್ಟಿಲ್ಲ. ಗಾಳಿಯಲ್ಲಿ ಕಳಿಸುವ ಮುನ್ನ ಚಿತ್ರವನ್ನು ಸಿನಿಮಾದ ಹಾಗೆ ಹಿಂಡಿ ಸಣ್ಣದು ಮಾಡಲಾಗುತ್ತದೆ. ಹಿಂಡುವಾಗ ಬೆಳಕು-ಕತ್ತಲೆಯ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಉಳಿಸುತ್ತಾರೆ. ಮನುಷ್ಯರ ಮುಖ, ಗಿಡ, ಆಕಾಶ ತೋರಿಸುವಾಗ ಇದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಒಂದು ಚುಕ್ಕೆ ಅಗಲದ ಬಣ್ಣದ ಗೆರೆಗೆ ಮಾತ್ರ ಅಲ್ಲೇ ಏಟು ಬೀಳುತ್ತದೆ. "ಬಿಳೀ ಹಿನ್ನೆಲಿ ಮ್ಯಾಲ ಕಪ್ಪು ಗೆರಿ ಮಾಡ್ರಿ ಮೇಡಂ, ಪಿಡಿಎಫ್ ಇದ್ರ ಅದನ್ನ ತೆಗೀರಿ," ಎಂದೆ. ಅವರು ಪಿಡಿಎಫ್ ತೆರೆದರು, 12 ಮಿಲಿಮೀಟರ್ ಸರಳು ಎಷ್ಟು ಅಂತರದಲ್ಲಿ ಎಂಬುದು ಮೇಜಿನ ಆ ತುದಿಯಲ್ಲಿ ಕೂತವರಿಗೂ ಓದಲು ಬಂತು.

ಅಂಚು ಕತ್ತರಿಸಿ ಹೋಗಿ ಕೆಳಗಿನ ಪಟ್ಟಿ ಕಾಣದಿದ್ದರೆ ಅದು ಟಿವಿಯ ಹಳೆಯ ಚಾಳಿ; ಚಿತ್ರವನ್ನು ತುಸು ಹಿಗ್ಗಿಸಿ ತೋರಿಸುತ್ತದೆ. ಪಿಕ್ಚರ್ ಸೈಜಿನಲ್ಲಿ ಪರದೆಗೆ ಸರಿಹೊಂದಿಸುವ ಆಯ್ಕೆ ಆರಿಸಿದರೆ ಮುಗಿಯಿತು. ಮೌಸ್ ಸ್ವಲ್ಪ ತಡವಾಗಿ ಹಿಂದೆ ಬರುವುದಕ್ಕೆ ಮಾತ್ರ ಔಷಧವಿಲ್ಲ, ಹಿಂಡಿ ಕಳಿಸಿ ಬಿಡಿಸುವ ಹೊತ್ತು ಅದು. ನಕ್ಷೆ ತೋರಿಸಲು ಅಡ್ಡಿಯಿಲ್ಲ, ಅದರಲ್ಲೇ ಗೆರೆ ಎಳೆಯಲು ಹೋದರೆ ಕೈ ತಪ್ಪುತ್ತದೆ. ಎಳೆಯುವಾಗ ಲ್ಯಾಪ್‌ಟಾಪಿನ ಪರದೆಯನ್ನೇ ನೋಡಬೇಕು.

ಇನ್ನು ಬಂದವರ ಮರ್ಯಾದೆಯ ಮಾತು. ಪರದೆ ಹಂಚಿಕೊಂಡ ಮೇಲೆ ಅವರ ವಾಟ್ಸಾಪ್ ಸಂದೇಶ, ಬ್ಯಾಂಕಿನ ಒಟಿಪಿ, ಮನೆಯವರು "ಎಲ್ಲಿದ್ದೀ?" ಎಂದು ಕೇಳಿದ್ದು, ಎಲ್ಲವೂ ನಾಲ್ಕು ಮಂದಿಯ ಮುಂದೆ ದೊಡ್ಡಕ್ಷರದಲ್ಲಿ ಬರಬಹುದು. Win + P ಒತ್ತಿದರೆ ಬರುವ ಆಯ್ಕೆಗಳಲ್ಲಿ Duplicate ಆರಿಸಿದರೆ ಲ್ಯಾಪ್‌ಟಾಪಿನಲ್ಲಿ ಇರುವುದೆಲ್ಲ ಟಿವಿಯಲ್ಲಿ. Extend ಆರಿಸಿದರೆ ಟಿವಿ ಎರಡನೆಯ ಮೇಜಾಗುತ್ತದೆ, ಅಲ್ಲಿಗೆ ಎಳೆದು ಇಟ್ಟ ಕಿಟಕಿಯಷ್ಟೇ ಎಲ್ಲರಿಗೆ ಕಾಣುತ್ತದೆ, ಮೇಲ್ ಇತ್ಯಾದಿ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತವೆ. ಬಂದವರಿಗೆ ನಾನು ಯಾವಾಗಲೂ Extend ಹೇಳುತ್ತೇನೆ. ಅದು ಗೊಂದಲ ಎನ್ನುವವರಿಗೆ ವಿಂಡೋಸ್ 11ರ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ When duplicating your display ಎಂಬ ಟಿಕ್ ಇದೆ. ಅದು ಆನ್ ಇದ್ದರೆ Duplicate ಮಾಡಿದ ಹೊತ್ತಿನಲ್ಲಿ ಸಂದೇಶದ ಪಟ್ಟಿಗಳು ಮೇಲೆ ಜಿಗಿಯುವುದಿಲ್ಲ.

ಮೀಟಿಂಗ್ ಮುಗಿದು ಇಬ್ಬರೂ ಎದ್ದರು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪೇಢಾ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೋಗುವ ಮೊದಲು ಅವರ ಕಡೆಯಿಂದಲೇ Disconnect ಒತ್ತಿಸಿದೆ. ಲ್ಯಾಪ್‌ಟಾಪಿನ ಮುಚ್ಚಳ ಸುಮ್ಮನೆ ಮುಚ್ಚಿದರೆ ಕೆಲವು ಟಿವಿಗಳು ಕಳೆದುಹೋದ ಚಿತ್ರಕ್ಕೆ ಕಾಯುತ್ತ ಕೂರುತ್ತವೆ, ಮುಂದಿನವರಿಗೆ ಜಾಗ ಬಿಡುವುದಿಲ್ಲ. ಟಿವಿಯ ಪಟ್ಟಿಯಲ್ಲಿ ಉಳಿದ ಅವರ ಲ್ಯಾಪ್‌ಟಾಪಿನ ಹೆಸರನ್ನೂ ಶನಿವಾರಕ್ಕೊಮ್ಮೆ ಅಳಿಸುತ್ತೇವೆ. ಇದರಿಂದ ಒಂದು ವಿಚಿತ್ರ ತೊಡಕು ಬರುವುದುಂಟು: ಟಿವಿ ಮರೆತಿರುತ್ತದೆ, ಲ್ಯಾಪ್‌ಟಾಪು ಮರೆತಿರುವುದಿಲ್ಲ. ಅದೇ ಮೇಡಂ ಮತ್ತೊಮ್ಮೆ ಬಂದಾಗ ಟಿವಿಯ ಹೆಸರು ಕಂಡಿತು, ಜೋಡಣೆ ಮಾತ್ರ ತಿರುಗುತ್ತ ತಿರುಗುತ್ತ ಸೋತಿತು. ಸೆಟ್ಟಿಂಗಿನ Bluetooth & devices ಒಳಗೆ ಹೋಗಿ, ಹಳೆಯ MEETING ROOM ಅನ್ನು Remove ಮಾಡಿಸಿ, ಹೊಸದಾಗಿ Win + K ಒತ್ತಿಸಿದ ಕೂಡಲೇ ಬಂತು.

ಇಷ್ಟೆಲ್ಲ ಇದ್ದೂ ಮೇಜಿನ ಖಾನೆಯಲ್ಲಿ ಐದು ಮೀಟರಿನ ಒಂದು ಎಚ್‌ಡಿಎಂಐ ಕೇಬಲ್, ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಒಂದು ಅಡಾಪ್ಟರ್ ಇಟ್ಟಿದ್ದೇನೆ. ಕೇಬಲ್ಲಿನ ಇನ್ನೊಂದು ತುದಿ ಟಿವಿಗೆ ಸದಾ ಜೋಡಿಸಿಯೇ ಇದೆ. ಐಟಿ ವಿಭಾಗ ಬೀಗ ಹಾಕಿದ ಲ್ಯಾಪ್‌ಟಾಪು ಬಂದರೆ ಎರಡನೆಯ ಪ್ರಯತ್ನಕ್ಕೆ ಹೋಗದೆ ಅದನ್ನೇ ಕೊಡುತ್ತೇನೆ. ಬಣ್ಣದ ಗೆರೆಯ ನಕ್ಷೆಯನ್ನು ಅಂಗುಲ ಅಂಗುಲ ಪರೀಕ್ಷಿಸಬೇಕಾದ ದಿನ ನಮ್ಮವರಿಗೂ ಅದೇ ಕೇಬಲ್.